ಇಪ್ಪತ್ತು ಮೈಕ್ರಾನಿಗೊಂದು ಟಿಪ್ಪಣಿ

‘ಪಿನ್ನಿನ ವ್ಯಾಸ 25 ಮಿ.ಮೀ., ಟಾಲರೆನ್ಸ್ 0.02 ಮಿ.ಮೀ., ಹಾರ್ಡ್ ಕ್ರೋಮ್ ಲೇಪನ 30 ಮೈಕ್ರಾನ್.’

ಈ ಸಾಲಿನಲ್ಲಿ ಕಷ್ಟದ ಪದ ಒಂದೂ ಇಲ್ಲ. ಬರೆದ ಎಂಜಿನಿಯರಿಗೆ ಅರ್ಥ ಸ್ಪಷ್ಟವಾಗಿದೆ, ತಿದ್ದಿದವರಿಗೂ ಸ್ಪಷ್ಟವಾಗಿದೆ, ಸಹಿ ಹಾಕಿದವರಿಗಂತೂ ಸಂದೇಹವೇ ಬಂದಿಲ್ಲ. ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಲು ಕುಳಿತ ಅನುವಾದಕಿ ಮಾತ್ರ ಇಲ್ಲಿಗೆ ಬಂದು ನಿಂತುಬಿಡುತ್ತಾಳೆ. ಇದನ್ನು ಮೂರು ಬಗೆಯಲ್ಲಿ ಓದಬಹುದು. ಮೂರು ಓದಿಗೂ ಮೂರು ಬೇರೆ ಬೇರೆ ಪಿನ್ನುಗಳು ತಯಾರಾಗುತ್ತವೆ.

ಪ್ರಸಂಗವನ್ನು ಬೆಂಗಳೂರಿನ ಪೀಣ್ಯದಲ್ಲಿ ಇಟ್ಟುಕೊಂಡು ನೋಡೋಣ. ಏಷ್ಯಾದ ದೊಡ್ಡ ಕೈಗಾರಿಕಾ ವಸಾಹತುಗಳಲ್ಲಿ ಒಂದಾದ ಅಲ್ಲಿ, ಒಂದೆರಡು ಲೇತು, ಒಂದು ಗ್ರೈಂಡಿಂಗ್ ಮೆಷಿನ್ ಇಟ್ಟುಕೊಂಡು ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪುಗಳು ಗಲ್ಲಿಗೊಂದು ಸಿಗುತ್ತವೆ. ಡ್ರಾಯಿಂಗು, ಸ್ಪೆಸಿಫಿಕೇಶನ್ ಎಲ್ಲ ಬರುವುದು ಇಂಗ್ಲಿಷಿನಲ್ಲಿ. ಮೆಷಿನ್ ಮುಂದೆ ನಿಲ್ಲುವವರಲ್ಲಿ ಹಲವರಿಗೆ ಕನ್ನಡದಲ್ಲಿ ಬರೆದ ಕೆಲಸದ ಹಾಳೆಯೇ ಅನುಕೂಲ. ಹಾಗಾಗಿ ಯಾರೋ ಒಬ್ಬರು ಅದನ್ನು ಕನ್ನಡಕ್ಕೆ ಇಳಿಸಬೇಕು. ಇಲ್ಲಿನ ಪಿನ್ನು, ಅನುವಾದಕಿ, ಎಂಜಿನಿಯರ್ ಮೂರೂ ಉದಾಹರಣೆಗಾಗಿ ಕಟ್ಟಿಕೊಂಡವು. ಅಳತೆಗಳು ಮತ್ತು ಅವು ತರುವ ಫಜೀತಿ ಮಾತ್ರ ನಿಜವಾದವು.

ಯಾವ ಮೆಷಿನ್ನೂ ಸರಿಯಾಗಿ 25 ಮಿ.ಮೀ. ಪಿನ್ನನ್ನು ಮಾಡಿಕೊಡುವುದಿಲ್ಲ. ಉಳಿ ಸವೆಯುತ್ತದೆ, ಜಾಬ್ ಬಿಸಿಯಾಗಿ ಹಿಗ್ಗುತ್ತದೆ, ಸ್ಪಿಂಡಲ್ ಕೂದಲೆಳೆಯಷ್ಟು ಅದುರುತ್ತದೆ. ಆದ್ದರಿಂದ ವಿನ್ಯಾಸ ಮಾಡುವವರು ಬೇಕಾದ ಅಳತೆಯ ಜೊತೆಗೆ ಎಷ್ಟು ಏರುಪೇರು ಆದರೆ ನಡೆಯುತ್ತದೆ ಎಂಬುದನ್ನೂ ಬರೆಯುತ್ತಾರೆ. ಆ ಮಾಫಿಯೇ ಟಾಲರೆನ್ಸ್. ಅದರೊಳಗೆ ಬಂದ ಜಾಬ್ ಪಾಸು, ಹೊರಗೆ ಹೋದದ್ದು ರಿಜೆಕ್ಟು.

0.02 ಮಿ.ಮೀ. ಎಂದರೆ 20 ಮೈಕ್ರಾನ್. ಸಮಸ್ಯೆ ಈ ಸಂಖ್ಯೆಯದ್ದಲ್ಲ. ಅದನ್ನು 25ರ ಯಾವ ಪಕ್ಕದಲ್ಲಿ ಇಡಬೇಕೆಂದು ವಾಕ್ಯ ಹೇಳುತ್ತಿಲ್ಲ.

ಮೊದಲ ಓದು, ಎರಡೂ ಕಡೆ 20 ಮೈಕ್ರಾನ್. ಪಿನ್ 24.98ರಿಂದ 25.02ರವರೆಗೆ ಎಲ್ಲಿದ್ದರೂ ಸರಿ. ಎರಡನೆಯ ಓದು, ಒಟ್ಟು ಮಾಫಿಯೇ 20 ಮೈಕ್ರಾನ್, ಅದನ್ನು ಎರಡೂ ಕಡೆ ಸಮನಾಗಿ ಹಂಚಬೇಕು. ಆಗ ಪಿನ್ 24.99ಕ್ಕೂ 25.01ಕ್ಕೂ ನಡುವೆ ಇರಬೇಕು. ಮೂರನೆಯ ಓದಿನಲ್ಲೂ ಒಟ್ಟು 20 ಮೈಕ್ರಾನೇ, ಆದರೆ ಪೂರ್ತಿ ಕೆಳಮುಖವಾಗಿ: 24.98ರಿಂದ 25.00.

ಮೂರಕ್ಕೂ ಅವುಗಳದೇ ಆಧಾರವಿದೆ ಎಂಬುದೇ ಇಲ್ಲಿನ ತೊಡಕು. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 286ರ ಪ್ರಕಾರ ಟಾಲರೆನ್ಸ್ ಎಂದರೆ ಗರಿಷ್ಠ ಮಿತಿಗೂ ಕನಿಷ್ಠ ಮಿತಿಗೂ ಇರುವ ವ್ಯತ್ಯಾಸ. ಅದಕ್ಕೆ ಪ್ಲಸ್ ಮೈನಸ್ ಚಿಹ್ನೆಯೇ ಇಲ್ಲ. ಆ ಲೆಕ್ಕದಲ್ಲಿ ‘ಟಾಲರೆನ್ಸ್ 0.02’ ಎಂದರೆ ಒಟ್ಟು 0.02. ಮೊದಲ ಓದು ಬಿದ್ದುಹೋಯಿತು ಎನ್ನಬಹುದು. ಆದರೆ ವರ್ಕ್‌ಶಾಪಿನ ರೂಢಿಯೇ ಬೇರೆ. ಚಿಹ್ನೆ ಇಲ್ಲದ ಟಾಲರೆನ್ಸ್ ಕಂಡರೆ ಅಲ್ಲಿ ಬಹಳ ಜನ ಅದನ್ನು ಪ್ಲಸ್ ಆರ್ ಮೈನಸ್ ಎಂದೇ ಓದಿಕೊಳ್ಳುತ್ತಾರೆ. ಇನ್ನು ಹಳೆಯ ಫಿಟ್ಟರುಗಳಿಗೆ ಮೈಗೂಡಿದ ಇನ್ನೊಂದು ರೂಢಿಯುಂಟು: ಶಾಫ್ಟಾದರೆ ಮೈನಸ್, ತೂತಾದರೆ ಪ್ಲಸ್. ಒಳಗೆ ಹೋಗುವುದು ಸ್ವಲ್ಪ ಸಣ್ಣದಿರಲಿ, ಒಳಗೆ ಬಿಟ್ಟುಕೊಳ್ಳುವುದು ಸ್ವಲ್ಪ ದೊಡ್ಡದಿರಲಿ ಎಂಬ ಲೆಕ್ಕ. ಅವರು ಮೂರನೆಯ ಓದನ್ನೇ ಹಿಡಿಯುತ್ತಾರೆ. ಮಾನಕ ಓದಿದವನು, ಲೇತ್ ನಡೆಸುವವನು, ಹಳೆಯ ಫಿಟ್ಟರ್ ಮೂವರೂ ತಮ್ಮ ತಮ್ಮ ಮಟ್ಟಿಗೆ ಸರಿಯೇ.

ವ್ಯತ್ಯಾಸ ಎಷ್ಟು ದೂರ ಹೋಗುತ್ತದೆಂದು ತಿಳಿಯಲು ಪಿನ್ನಿನ ಜೋಡಿಯನ್ನು ನೋಡಬೇಕು. ಅದೇ ಸ್ಪೆಸಿಫಿಕೇಶನ್ನಿನ ಮುಂದಿನ ಕಲಮಿನಲ್ಲಿ ಬುಷ್‌ನ ಒಳವ್ಯಾಸವನ್ನು ‘25 H7’ ಎಂದು ಬರೆದಿದೆ. ಇದು ಮಾನಕದ ಸಂಕೇತ, ಇದರಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಕೋಷ್ಟಕ ತೆಗೆದು ನೋಡಿದರೆ ಬುಷ್ 25.000ರಿಂದ 25.021 ಮಿ.ಮೀ.ವರೆಗೆ ಇರಬಹುದು. ಈ ಬುಷ್‌ನೊಳಗೆ ಪಿನ್ ಕೈಯಲ್ಲಿ ಒತ್ತಿದರೆ ಜಾರಿ ಕೂರಬೇಕು, ಆಮೇಲೆ ತಿರುಗುತ್ತಿರಬೇಕು.

ಮೊದಲ ಓದಿನ ಪ್ರಕಾರ ಅತಿ ದಪ್ಪದ ಪಿನ್ 25.02, ಅತಿ ಸಣ್ಣ ಬುಷ್ 25.00. ಪಿನ್ನೇ ತೂತಿಗಿಂತ 20 ಮೈಕ್ರಾನ್ ದಪ್ಪ. ಸುತ್ತಿಗೆಯಿಂದ ಹೊಡೆದರೆ ಒಳಗೆ ಹೋದೀತು, ಆದರೆ ತಿರುಗುವುದಿಲ್ಲ. ಎರಡನೆಯ ಓದಿನಲ್ಲಿ ಆ ಬಿಗಿ 10 ಮೈಕ್ರಾನಿಗೆ ಇಳಿಯುತ್ತದೆ, ಹೋಗುವುದಿಲ್ಲ. ಮೂರನೆಯದರಲ್ಲಿ ಮಾತ್ರ ಅತಿ ದಪ್ಪದ ಪಿನ್ನೂ 25.00ಕ್ಕೆ ನಿಲ್ಲುತ್ತದೆ, ಎಂಥ ಬುಷ್ ಬಂದರೂ ಒಳಗೆ ಹೋಗಲು ಅಡ್ಡಿಯಿಲ್ಲ. ಅತಿ ಸಡಿಲವಾದರೂ 41 ಮೈಕ್ರಾನ್ ಸಂದು ಉಳಿಯುತ್ತದೆ, ಅಷ್ಟೇ.

ಈಗ ಇನ್‌ಸ್ಪೆಕ್ಷನ್ ಮೇಜಿನ ಮೇಲೆ ಎರಡು ಪಿನ್ನು ಇವೆಯೆನ್ನಿ. ಒಂದು 25.015, ಇನ್ನೊಂದು 24.985. ಮೊದಲ ಓದಿಗೆ ಎರಡೂ ಪಾಸು. ಎರಡನೆಯ ಓದಿಗೆ ಎರಡೂ ರಿಜೆಕ್ಟು. ಮೂರನೆಯದಕ್ಕೆ ದಪ್ಪನೆಯದು ರಿಜೆಕ್ಟು, ತೆಳ್ಳಗಿನದು ಪಾಸು. ಪಿನ್ನು ಬದಲಾಗಿಲ್ಲ, ಮೈಕ್ರೋಮೀಟರ್ ಬದಲಾಗಿಲ್ಲ, ಸ್ಪೆಸಿಫಿಕೇಶನ್ನಿನ ಒಂದಕ್ಷರವೂ ಬದಲಾಗಿಲ್ಲ.

ಹಾಗಿದ್ದರೆ ಮೂಲದಲ್ಲಿ ಇದು ಇಷ್ಟು ದಿನ ಯಾಕೆ ತೊಂದರೆ ಕೊಡಲಿಲ್ಲ? ಬಹುಶಃ ಕೊಟ್ಟಿರುತ್ತದೆ, ಯಾರೂ ಅದನ್ನು ಈ ವಾಕ್ಯಕ್ಕೆ ಗಂಟು ಹಾಕಿರುವುದಿಲ್ಲ. ಜೋಡಣೆಯ ಮೇಜಿನ ಬಳಿ ನಿಂತು ನೋಡಿದರೆ ಲಕ್ಷಣ ಸಿಗುತ್ತದೆ. ಇನ್‌ಸ್ಪೆಕ್ಷನ್‌ನಲ್ಲಿ ಪಾಸಾಗಿ ಬಂದ ಪಿನ್ನುಗಳನ್ನು ಹುಡುಗರು ಎರಡು ಟ್ರೇಗಳಿಗೆ ಬೇರೆ ಮಾಡುತ್ತಿರುತ್ತಾರೆ: ಇದು ಆ ಬುಷ್‌ಗೆ ಹೋಗುತ್ತದೆ, ಇದು ಹೋಗುವುದಿಲ್ಲ. ಪಕ್ಕದಲ್ಲಿ ನೈಲಾನ್ ಸುತ್ತಿಗೆ ಇರುತ್ತದೆ. ಎಮರಿ ಪೇಪರಿನ ತುಂಡೂ ಇರುತ್ತದೆ. ಬಿಗಿಯಾದ ಪಿನ್ನನ್ನು ಸ್ವಲ್ಪ ಉಜ್ಜಿ ಕೂರಿಸುವುದು ಅಲ್ಲಿ ಕೈಚಳಕ ಎನಿಸಿಕೊಂಡಿರುತ್ತದೆ. ಎರಡು ಬಿಡಿಭಾಗಗಳೂ ಪಾಸಾಗಿ, ಜೋಡಿ ಮಾತ್ರ ಫೇಲಾಗುತ್ತಿದ್ದರೆ ಮೆಷಿನ್ನನ್ನು ಬೈಯುವ ಮೊದಲು ಟಾಲರೆನ್ಸಿನ ಸಾಲನ್ನು ಇನ್ನೊಮ್ಮೆ ಓದುವುದು ಒಳ್ಳೆಯದು.

ಇದಕ್ಕೊಂದು ಪ್ರಸಿದ್ಧ ಉದಾಹರಣೆ ಎರಡನೆಯ ಮಹಾಯುದ್ಧದ ಕಾಲದ್ದು. ರೋಲ್ಸ್ ರಾಯ್ಸ್ ಕಂಪನಿಯ ಮರ್ಲಿನ್ ವಿಮಾನ ಎಂಜಿನ್ನನ್ನು ಮ್ಯಾಂಚೆಸ್ಟರಿನಲ್ಲಿ ತಯಾರಿಸಲು ಫೋರ್ಡ್ ಕಂಪನಿಯ ಬ್ರಿಟಿಷ್ ಶಾಖೆಗೆ ಒಪ್ಪಿಸಲಾಯಿತು. ಡ್ರಾಯಿಂಗುಗಳನ್ನು ನೋಡಿದ ಫೋರ್ಡ್ ಎಂಜಿನಿಯರ್ ಇವುಗಳಿಂದ ನಮಗೆ ಎಂಜಿನ್ ಮಾಡಲಾಗದು ಎಂದರಂತೆ. ಅಳತೆ ತೀರಾ ಬಿಗಿಯಾಗಿದೆ, ಕಾರು ಮಾಡುವವರ ಕೈಗೆ ನಿಲುಕುತ್ತಿಲ್ಲ ಎಂದು ರೋಲ್ಸ್ ರಾಯ್ಸ್‌ನ ಸ್ಟ್ಯಾನ್ಲಿ ಹೂಕರ್ ಭಾವಿಸಿದರು. ಸಂಗತಿ ತಿರುವುಮುರುವಾಗಿತ್ತು. ಫೋರ್ಡಿನವರ ಪ್ರಕಾರ ಟಾಲರೆನ್ಸ್ ತೀರಾ ಸಡಿಲವಾಗಿತ್ತು. ಈ ಪ್ರಸಂಗವನ್ನು ಹೂಕರ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ರೋಲ್ಸ್ ರಾಯ್ಸ್‌ನಲ್ಲಿ ನುರಿತ ಫಿಟ್ಟರುಗಳು ಪ್ರತಿ ಭಾಗವನ್ನೂ ಅದರ ಜೋಡಿಗೆ ಹೊಂದಿಸಿ ಕೂರಿಸುತ್ತಿದ್ದರು. ಕಾಗದದಲ್ಲಿ ಬಿಟ್ಟುಹೋದದ್ದನ್ನು ಅವರ ಕೈ ತುಂಬಿಕೊಡುತ್ತಿತ್ತು. ಫೋರ್ಡಿನಲ್ಲಿ ಯಾವ ಪೆಟ್ಟಿಗೆಯಿಂದ ಯಾವ ಬಿಡಿಭಾಗ ತೆಗೆದರೂ ಕೂರಬೇಕಿತ್ತು. ಕೊನೆಗೆ ಫೋರ್ಡಿನವರು ಡ್ರಾಯಿಂಗುಗಳನ್ನೇ ಹೊಸದಾಗಿ ಬರೆದುಕೊಂಡರು.

ಪಿನ್ನಿನ ವಾಕ್ಯವೂ ಇಂಥ ಕೈಗಳ ಮೇಲೆಯೇ ಬದುಕಿರುವುದು. ಅದೇ ಕಂಪನಿಯ ಒಳಗೆ, ಅದೇ ಹಳೆಯ ಜನರ ನಡುವೆ ಇರುವವರೆಗೆ ‘ಇಲ್ಲಿ 0.02 ಎಂದರೆ ಮೈನಸ್ಸಿಗೆ’ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಕಾಗದ ಗೇಟು ದಾಟಿ ಇನ್ನೊಂದು ಭಾಷೆಗೆ, ಇನ್ನೊಂದು ವರ್ಕ್‌ಶಾಪಿಗೆ ಹೊರಟಾಗ ಆ ಗೊತ್ತಿರುವಿಕೆ ಅದರ ಜೊತೆ ಹೋಗುವುದಿಲ್ಲ.

ಅನುವಾದಕಿಗೇ ಇದು ಮೊದಲು ಕಾಣುವುದಕ್ಕೂ ಕಾರಣವಿದೆ. ಉಳಿದವರು ವಾಕ್ಯವನ್ನು ಓದಿ ಮುಂದೆ ಹೋಗಬಹುದು, ಅವಳು ಅದನ್ನು ಮತ್ತೆ ಕಟ್ಟಬೇಕು. ಆಪರೇಟರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯಹೊರಟರೆ ಪೆನ್ನು ತಾನಾಗಿ ‘25 ಮಿ.ಮೀ. ಇರಬೇಕು, 0.02 ಹೆಚ್ಚುಕಡಿಮೆ ಆದರೆ ಪರವಾಗಿಲ್ಲ’ ಎಂದು ಬರೆಯುತ್ತದೆ. ಓದಲು ಸುಲಲಿತ, ಆದರೆ ಅಷ್ಟರಲ್ಲೇ ಮೊದಲ ಓದನ್ನು ಆರಿಸಿಯಾಯಿತು. ಅನುವಾದ ತಿದ್ದುವವರು ‘ಚೆನ್ನಾಗಿದೆ’ ಎನ್ನುತ್ತಾರೆ. ಸುತ್ತಿಗೆ ಬೇಕಾಗುವ ಪಿನ್ನುಗಳು ಕನ್ನಡದಲ್ಲಿ ಅಧಿಕೃತವಾಗಿ ಪಾಸಾಗುತ್ತವೆ.

‘ಟಾಲರೆನ್ಸ್ 0.02’ ಎಂದು ಇದ್ದಂತೆಯೇ ಬಿಟ್ಟುಬಿಡುವ ದಾರಿಯೂ ಇದೆ. ಎಷ್ಟೋ ಸಲ ಹಾಗೆಯೇ ಮಾಡುತ್ತಾರೆ. ಮೂಲದ ದೋಷಕ್ಕೆ ನಾನು ಹೊಣೆಯಲ್ಲ ಎಂಬುದು ಅದರ ಹಿಂದಿನ ವಾದ. ಕಾನೂನಿನ ಮಾತಾಗಿ ಅದು ನಿಲ್ಲಬಹುದು, ಕೆಲಸದ ಮಾತಾಗಿ ನಿಲ್ಲುವುದಿಲ್ಲ. ಗೊಂದಲ ಕಂಡವರೇ ಕೇಳದೆ ಹೋದರೆ ಕಾಣದವರು ಕೇಳುವುದು ಹೇಗೆ?

ಕೇಳದೆ ಮುಂದೆ ಹೋದಾಗ ಏನಾಗುತ್ತದೆಂಬುದಕ್ಕೆ ಬರ್ಲಿನ್ನಿನ ಒಂದು ಆಸ್ಪತ್ರೆಯ ಪ್ರಕರಣವನ್ನು ತಾಂತ್ರಿಕ ಅನುವಾದದ ವಲಯದಲ್ಲಿ ಆಗಾಗ ನೆನೆಯುತ್ತಾರೆ. ಅಲ್ಲಿ 2006 ಮತ್ತು 2007ರಲ್ಲಿ 47 ಮಂದಿಗೆ ಕೃತಕ ಮಂಡಿಯನ್ನು ತಪ್ಪಾಗಿ ಕೂರಿಸಲಾಯಿತು. ಪೆಟ್ಟಿಗೆಯ ಮೇಲಿನ ಇಂಗ್ಲಿಷ್ ಚೀಟಿಯಲ್ಲಿದ್ದದ್ದು ಎರಡು ವಿಶೇಷಣ: ಬಿಡಿಬಿಡಿಯಾಗಿ ಜೋಡಿಸುವಂಥದ್ದಲ್ಲ, ಸಿಮೆಂಟ್ ಹಾಕಿ ಕೂರಿಸುವಂಥದ್ದು. ಮೊದಲನೆಯದಕ್ಕೆ ಸೇರಿದ್ದ ‘ಅಲ್ಲ’ವನ್ನು ಓದಿದವರು ಎರಡನೆಯದಕ್ಕೂ ಎಳೆದುಕೊಂಡರು. ಸಿಮೆಂಟ್ ಬೇಕಾಗಿದ್ದ ಮಂಡಿಗಳು ಸಿಮೆಂಟಿಲ್ಲದೆ ಕೂತವು. ವೈದ್ಯಕೀಯ ಸಿಮೆಂಟಿಗೂ ಪೀಣ್ಯದ ಪಿನ್ನಿಗೂ ಸಂಬಂಧವಿಲ್ಲ ನಿಜ. ಆದರೆ ಎರಡು ಕಡೆಯೂ ಒಂದೇ ಕೆಲಸ ಆಗಬೇಕಿತ್ತು. ಈ ಮಾತು ಯಾವುದಕ್ಕೆ ಸೇರಿದ್ದು ಎಂದು ಬರೆದವರನ್ನು ಕೇಳಬೇಕಿತ್ತು.

ಕೇಳುವುದಕ್ಕೂ ಒಂದು ರೀತಿಯಿದೆ. ಅವಸರದ ಅನುವಾದಕರು ಕಳಿಸುವ ಟಿಪ್ಪಣಿ ಸಾಮಾನ್ಯವಾಗಿ ಒಂದು ಸಾಲಿನದು: ‘ಕಲಂ 4.2 ಸ್ಪಷ್ಟವಾಗಿಲ್ಲ, ದಯವಿಟ್ಟು ವಿವರಿಸಿ.’ ಎಂಜಿನಿಯರ್ ಕಲಂ ತೆರೆದು ನೋಡುತ್ತಾನೆ. ಅವನ ತಲೆಯಲ್ಲಿ ಅರ್ಥ ಮೊದಲೇ ಕೂತಿರುವುದರಿಂದ ಗೊಂದಲ ಅವನಿಗೆ ಕಾಣುವುದಿಲ್ಲ. ‘ಟಾಲರೆನ್ಸ್ 0.02 ಮಿ.ಮೀ. ಎಂದು ಅಲ್ಲೇ ಬರೆದಿದೆಯಲ್ಲ’ ಎಂದು ಉತ್ತರ ಬರುತ್ತದೆ. ಒಂದು ದಿನ ಹೋಯಿತು, ಜೊತೆಗೆ ಈ ಅನುವಾದಕಿಗೆ ಎಂಜಿನಿಯರಿಂಗ್ ಗೊತ್ತಿಲ್ಲ ಎಂಬ ಅಭಿಪ್ರಾಯವೂ ಬಂತು.

ಇನ್ನೊಂದು ಬಗೆಯ ಟಿಪ್ಪಣಿ ಇದಕ್ಕಿಂತ ಅಪಾಯಕಾರಿ: ‘ಇದು ಪ್ಲಸ್ ಆರ್ ಮೈನಸ್ 0.02 ತಾನೇ ಸರ್?’ ಮೀಟಿಂಗಿಗೆ ಓಡುತ್ತಿರುವ ಮನುಷ್ಯ ಫೋನಿನಲ್ಲೇ ‘ಹೌದು’ ಎಂದುಬಿಡುತ್ತಾನೆ. ಪ್ರಶ್ನೆಯೊಳಗೇ ಉತ್ತರ ಇಟ್ಟುಕೊಟ್ಟರೆ ಅದೇ ಉತ್ತರ ವಾಪಸು ಬರುತ್ತದೆ. ಅದಕ್ಕೀಗ ಲೇಖಕರ ಒಪ್ಪಿಗೆಯ ಮುದ್ರೆಯೂ ಬಿದ್ದಿರುತ್ತದೆ.

ಕೆಲಸ ಬಲ್ಲ ಅನುವಾದಕಿ ಬರೆಯುವ ಟಿಪ್ಪಣಿ ಹೀಗಿರುತ್ತದೆ:

‘ವಿಷಯ: ಪಿನ್ ಸ್ಪೆಸಿಫಿಕೇಶನ್, ಆವೃತ್ತಿ 2, ಪುಟ 7, ಕಲಂ 4.2, ಎರಡನೆಯ ವಾಕ್ಯ.

ಸರ್, ನಮಸ್ಕಾರ. ಈ ವಾಕ್ಯದಲ್ಲಿ “ವ್ಯಾಸ 25 ಮಿ.ಮೀ., ಟಾಲರೆನ್ಸ್ 0.02 ಮಿ.ಮೀ.” ಎಂದಿದೆ. ಪ್ಲಸ್ ಮೈನಸ್ ಚಿಹ್ನೆ ಇಲ್ಲ. ಕನ್ನಡದಲ್ಲಿ ಮಿತಿಗಳನ್ನು ಬಿಡಿಸಿ ಬರೆಯಬೇಕಾಗಿರುವುದರಿಂದ ಕೇಳುತ್ತಿದ್ದೇನೆ. ಪಾಸಾಗುವ ಪಿನ್ನಿನ ಅಳತೆ ಇವುಗಳಲ್ಲಿ ಯಾವುದು?

ಅ) 24.98ರಿಂದ 25.02
ಆ) 24.99ರಿಂದ 25.01
ಇ) 24.98ರಿಂದ 25.00
ಈ) ಇವು ಯಾವುವೂ ಅಲ್ಲ, ಸರಿಯಾದ ಮಿತಿ: ______

ಕಲಂ 4.3ರಲ್ಲಿ ಬುಷ್ 25 H7 ಎಂದಿದೆ, ಅಂದರೆ 25.000ರಿಂದ 25.021. ಅ ಮತ್ತು ಆ ಪ್ರಕಾರ ಕೆಲವು ಪಿನ್ನುಗಳು ಕೆಲವು ಬುಷ್‌ಗಳಿಗಿಂತ ದಪ್ಪ ಆಗುತ್ತವೆ. ಜೋಡಣೆಯ ಪುಟದಲ್ಲಿ ಪಿನ್ನನ್ನು ಕೈಯಿಂದ ಕೂರಿಸಿ ಎಂದಿರುವುದರಿಂದ ಇದನ್ನು ನಿಮ್ಮ ಗಮನಕ್ಕೆ ತರುತ್ತಿದ್ದೇನೆ.

ಎರಡನೆಯ ಪ್ರಶ್ನೆ: ಈ ಅಳತೆ ಕ್ರೋಮ್ ಲೇಪನದ ಮೊದಲಿನದೋ, ಲೇಪನ ಆದಮೇಲಿನದೋ?

ಪಿನ್ನಿನ ಡ್ರಾಯಿಂಗ್ ನನಗೆ ಬಂದಿಲ್ಲ. ಅದರಲ್ಲಿ ಮಿತಿಗಳಿದ್ದರೆ ಅದನ್ನೇ ಕಳಿಸಿದರೂ ಸಾಕು. ಗುರುವಾರದೊಳಗೆ ಉತ್ತರ ಬಂದರೆ ಅನುವಾದ ಹೇಳಿದ ದಿನವೇ ಮುಗಿಯುತ್ತದೆ. ಅಲ್ಲಿಯವರೆಗೆ ಈ ಸಾಲಿಗೆ “ಖಚಿತವಾಗಬೇಕು” ಎಂಬ ಗುರುತು ಹಾಕಿ ಖಾಲಿ ಇಟ್ಟಿರುತ್ತೇನೆ.’

ಟಿಪ್ಪಣಿಯಲ್ಲಿ ‘ಗೊಂದಲ’, ‘ಅಸ್ಪಷ್ಟ’, ‘ತಪ್ಪು’ ಎಂಬ ಪದಗಳು ಎಲ್ಲೂ ಇಲ್ಲ. ಅದು ಬರೀ ನಯವಿನಯಕ್ಕಾಗಿ ಅಲ್ಲ. ವಾಕ್ಯ ಸರಿಯಿದೆಯೇ ಎಂದು ಕೇಳಿದರೆ ಬರೆದವರು ವಾಕ್ಯವನ್ನು ಸಮರ್ಥಿಸಿಕೊಳ್ಳುತ್ತಾರೆ. ಯಾವ ಪಿನ್ ಪಾಸು ಎಂದು ಕೇಳಿದರೆ ಪಿನ್ನಿನ ಬಗ್ಗೆ ಯೋಚಿಸುತ್ತಾರೆ. ಎಂಜಿನಿಯರಿಗೆ ಪಿನ್ ಚೆನ್ನಾಗಿ ಗೊತ್ತು. ಆ ನೆಲದ ಮೇಲೆ ನಿಂತು ಅವನು ಎರಡು ನಿಮಿಷದಲ್ಲಿ ಉತ್ತರಿಸಬಲ್ಲ.

ಮೂರೂ ಆಯ್ಕೆಗಳು ಮಿತಿಗಳಾಗಿಯೇ ಇರುವುದನ್ನು ಗಮನಿಸಬೇಕು. ‘ಒಟ್ಟು ಟಾಲರೆನ್ಸೋ, ಎರಡು ಬದಿಯ ಟಾಲರೆನ್ಸೋ’ ಎಂದು ಕೇಳಿದ್ದರೆ ಆ ಪದಗಳ ಅರ್ಥದ ಮೇಲೆ ಇನ್ನೊಂದು ಸುತ್ತು ಪತ್ರ ಓಡಾಡುತ್ತಿತ್ತು. 24.98, 25.00 ಎಂಬ ಅಂಕಿಗಳಿಗೆ ಎರಡನೆಯ ಅರ್ಥವಿಲ್ಲ. ಖಾಲಿ ಬಿಟ್ಟ ‘ಈ’ ಸಾಲೂ ಅಷ್ಟೇ ಮುಖ್ಯ. ಉತ್ತರ ಅನುವಾದಕಿ ಊಹಿಸಿದ ಮೂರರಲ್ಲೇ ಇರಬೇಕೆಂದಿಲ್ಲ. ಪಿನ್ ಎಣ್ಣೆಯಲ್ಲಿ ತಿರುಗುವಂಥದ್ದಾದರೆ ಎಂಜಿನಿಯರ್ ಮೇಲಿನ ಮಿತಿಯನ್ನೇ 25ಕ್ಕಿಂತ ಕೆಳಗೆ ಇಟ್ಟಿರಬಹುದು. ಮೂರು ಬಾಗಿಲು ಮಾತ್ರ ತೋರಿಸಿದರೆ ಅವಸರದವರು ಹತ್ತಿರದ ಬಾಗಿಲಿಗೆ ಟಿಕ್ ಹಾಕಿ ಹೋಗುತ್ತಾರೆ.

ಬುಷ್‌ನ ವಿಷಯ ಎತ್ತಿದ್ದು ಸರಿಯೇ ಎಂಬ ಬಗ್ಗೆ ಅನುವಾದಕರಲ್ಲೇ ಭಿನ್ನಮತವಿದೆ. ಅದು ಎಂಜಿನಿಯರನ ಕೆಲಸದಲ್ಲಿ ಕೈ ಹಾಕಿದಂತೆ ಎಂದು ಕೆಲವರು ಹಿಂಜರಿಯುತ್ತಾರೆ. ಇಲ್ಲಿ ಅವಳು ಮಾಡಿದ್ದು ಅದೇ ದಾಖಲೆಯ ಎರಡು ಕಲಂಗಳನ್ನು ಅಕ್ಕಪಕ್ಕ ಇಟ್ಟದ್ದು ಮಾತ್ರ. ‘ಹಾಗಾಗಿ ಇ ಸರಿ’ ಎಂದು ಬರೆದಿಲ್ಲ. ಬರೆಯಲೂ ಬಾರದು, ಯಾಕೆಂದರೆ ಪಿನ್ನುಗಳನ್ನು ಅಳತೆವಾರು ವಿಂಗಡಿಸಿ ಬುಷ್‌ಗೆ ಜೋಡಿ ಮಾಡುವ ಪದ್ಧತಿ ಆ ಕಾರ್ಖಾನೆಯಲ್ಲಿ ಇದ್ದರೂ ಇರಬಹುದು. ಹಾಗಿದ್ದರೆ ಎರಡನೆಯ ಓದೂ ಸಿಂಧುವೇ.

ಕ್ರೋಮ್ ಪ್ರಶ್ನೆಯನ್ನು ಅವಳು ಒಂದೇ ಸಾಲಿನಲ್ಲಿ ಮುಗಿಸಿದ್ದಾಳೆ. ಆದರೆ ದುಡ್ಡಿನ ಲೆಕ್ಕದಲ್ಲಿ ಅದೇ ದೊಡ್ಡದು. ಲೇಪನ 30 ಮೈಕ್ರಾನ್ ದಪ್ಪ ಎಂದರೆ ಪಿನ್ನಿನ ಸುತ್ತಲೂ ಅಷ್ಟು ಕೂರುತ್ತದೆ, ವ್ಯಾಸಕ್ಕೆ ಎರಡು ಕಡೆಯಿಂದ ಸೇರಿ 60 ಮೈಕ್ರಾನ್ ಏರುತ್ತದೆ. 24.98ರಿಂದ 25.00ರೊಳಗೆ ನಿಖರವಾಗಿ ಗ್ರೈಂಡ್ ಮಾಡಿದ ಪಿನ್ ಕ್ರೋಮ್ ತೊಟ್ಟಿಯಿಂದ ಹೊರಬರುವಾಗ 25.04ರಿಂದ 25.06 ಆಗಿರುತ್ತದೆ. ಬುಷ್‌ನ ಗರಿಷ್ಠ ಮಿತಿ 25.021. ಒಂದೇ ಒಂದು ಪಿನ್ನೂ ಒಳಗೆ ಹೋಗುವುದಿಲ್ಲ.

ಟಾಲರೆನ್ಸಿನ ಓದು ತಪ್ಪಿದರೆ ಕೆಲವು ಪಿನ್ನು ಹಾಳು, ಲೇಪನದ ಓದು ತಪ್ಪಿದರೆ ಇಡೀ ಲಾಟ್ ಹಾಳು.

ಅಳತೆ ಲೇಪನದ ನಂತರದ್ದು ಎಂದಾದರೆ ಕೆಲಸದ ಕ್ರಮವೇ ಬದಲಾಗುತ್ತದೆ. ಮೊದಲು ಪಿನ್ನನ್ನು 24.92ರಿಂದ 24.94ರ ಆಸುಪಾಸಿಗೆ ಇಳಿಸಬೇಕು. ಹಾರ್ಡ್ ಕ್ರೋಮ್ ಎಲ್ಲ ಕಡೆ ಒಂದೇ ಸಮ ಕೂರುವುದಿಲ್ಲ, ಅಂಚುಗಳಲ್ಲಿ ಹೆಚ್ಚು ಕೂರುತ್ತದೆ. ಅದಕ್ಕೇ ಬೇಕಾದ್ದಕ್ಕಿಂತ ದಪ್ಪವಾಗಿ ಲೇಪಿಸಿ, ಆಮೇಲೆ ಗ್ರೈಂಡ್ ಮಾಡಿ ಕೊನೆಯ ಅಳತೆಗೆ ತರುವುದು ವಾಡಿಕೆ. ಉಳಿಯುವ ಕ್ರೋಮ್ 30 ಮೈಕ್ರಾನ್ ಆಗಬೇಕು. ಇಷ್ಟೆಲ್ಲ ಕೆಲಸ ಒಂದು ‘ಮೊದಲು’ ಅಥವಾ ‘ನಂತರ’ದ ಮೇಲೆ ನಿಂತಿದೆ. ಲೇಪನವಿರುವ ಭಾಗದ ಡ್ರಾಯಿಂಗಿನಲ್ಲಿ ಅಳತೆ ಮೊದಲಿನದೋ ನಂತರದ್ದೋ ಎಂಬುದನ್ನು ಬರೆಯಲೇಬೇಕು ಎಂದು ಅಮೆರಿಕದ ಡ್ರಾಯಿಂಗ್ ಮಾನಕ ಎಎಸ್‌ಎಂಇ ವೈ14.5 ವಿಧಿಸುತ್ತದೆ. ಇಷ್ಟು ದೊಡ್ಡ ಮಾನಕಕ್ಕೆ ಇಷ್ಟು ಸಣ್ಣ ವಿಷಯವನ್ನು ಬಾಯಿಬಿಟ್ಟು ಹೇಳಬೇಕಾಯಿತೆಂದರೆ ಎಷ್ಟು ಜನ ಅದನ್ನು ಮರೆಯುತ್ತಿದ್ದಿರಬೇಕು!

ಅನುವಾದಕಿ ಕೇಳಬಹುದಾಗಿದ್ದ ಇನ್ನೂ ಪ್ರಶ್ನೆಗಳಿವೆ. ಪಿನ್ನನ್ನು ಯಾವ ಉಷ್ಣತೆಯಲ್ಲಿ ಅಳೆಯಬೇಕು? ಯಾವುದರಿಂದ ಅಳೆಯಬೇಕು? ಇವನ್ನು ಅವಳು ಬಿಟ್ಟದ್ದು ಒಳ್ಳೆಯದಾಯಿತು. ಮೊದಲನೆಯದಕ್ಕೆ ಉತ್ತರ ಮಾನಕದಲ್ಲೇ ಇದೆ, ಬೇರೆ ಹೇಳದಿದ್ದರೆ 20 ಡಿಗ್ರಿ ಸೆಲ್ಸಿಯಸ್. ಎರಡನೆಯದು ವರ್ಕ್‌ಶಾಪಿನವರ ತೀರ್ಮಾನ. 0.02 ಮಿ.ಮೀ. ಲೀಸ್ಟ್ ಕೌಂಟಿನ ವರ್ನಿಯರ್ ಹಿಡಿದು 0.02ರ ಮಾಫಿಯನ್ನು ಪರೀಕ್ಷಿಸಲಾಗದು, ಮೈಕ್ರೋಮೀಟರೋ ಗೋ ನೋ-ಗೋ ಗೇಜೋ ಬೇಕು ಎಂದು ಅಲ್ಲಿನ ಇನ್‌ಸ್ಪೆಕ್ಟರಿಗೆ ಗೊತ್ತಿರುತ್ತದೆ. ಎಲ್ಲವನ್ನೂ ಕೇಳುವ ಅನುವಾದಕಿಯ ಪತ್ರವನ್ನು ಎಂಜಿನಿಯರ್ ಮೂರನೆಯ ಸಲ ತೆರೆಯುವುದೇ ಇಲ್ಲ. ಉತ್ತರ ಬೇರೆ ಬೇರೆಯಾದರೆ ಜಾಬ್ ಬೇರೆ ಬೇರೆಯಾಗುತ್ತದೆಯೇ? ಆ ಉತ್ತರ ಕೈಯಲ್ಲಿರುವ ದಾಖಲೆಗಳಲ್ಲಿ ಎಲ್ಲೂ ಇಲ್ಲವೇ? ಎರಡಕ್ಕೂ ಹೌದೆಂದಾಗ ಮಾತ್ರ ಟಿಪ್ಪಣಿ ಹೋಗಬೇಕು.

ಉತ್ತರ ಬರುವ ಬಗೆಯೂ ನಾನಾ ತರ. ‘ಇ’ ಎಂಬ ಒಂದಕ್ಷರದ ವಾಟ್ಸ್ಆ್ಯಪ್ ಬರಬಹುದು. ಫೋನು ಮಾಡಿ ‘ಅದು ಮೈನಸ್ಸಿಗಮ್ಮ, ಕ್ರೋಮ್ ಆದಮೇಲೆ’ ಎನ್ನಬಹುದು. ಬಾಯಿಮಾತಿನ ಉತ್ತರವನ್ನು ಅನುವಾದಕಿ ಆಗಲೇ ಬರೆದು ವಾಪಸು ಕಳಿಸಬೇಕು: ‘ನೀವು ಈಗ ಹೇಳಿದಂತೆ, ಲೇಪನ ಮತ್ತು ಕೊನೆಯ ಗ್ರೈಂಡಿಂಗ್ ಆದಮೇಲೆ ಪಿನ್ 24.98ರಿಂದ 25.00.’ ಇದು ಅಪನಂಬಿಕೆ ಅಲ್ಲ. ಆರು ತಿಂಗಳಾದ ಮೇಲೆ ರಿಜೆಕ್ಷನ್ ಬಿಲ್ ಯಾರ ತಲೆಗೆ ಎಂಬ ಮಾತು ಬಂದಾಗ ಫೋನಿನಲ್ಲಿ ಆಡಿದ್ದು ಇಬ್ಬರಿಗೂ ಬೇರೆ ಬೇರೆ ನೆನಪಾಗುತ್ತದೆ.

ಕೆಲವೊಮ್ಮೆ ಡ್ರಾಯಿಂಗೇ ಬರುತ್ತದೆ, ಅದರಲ್ಲಿ ±0.02 ಎಂದು ಅಚ್ಚಾಗಿರುತ್ತದೆ. ಡ್ರಾಯಿಂಗಿಗೂ ಸ್ಪೆಸಿಫಿಕೇಶನ್ನಿಗೂ ಭೇದ ಬಂದರೆ ಡ್ರಾಯಿಂಗೇ ಅಂತಿಮ ಎಂಬ ಕರಾರು ಅನೇಕ ಆರ್ಡರುಗಳಲ್ಲಿ ಇರುತ್ತದೆ. ಅಲ್ಲಿಗೆ ಅನುವಾದದ ಪ್ರಶ್ನೆ ಬಗೆಹರಿಯಿತು, ಪಿನ್ನಿನ ಪ್ರಶ್ನೆ ಇನ್ನೂ ದೊಡ್ಡದಾಯಿತು. ಬುಷ್ H7 ಇದ್ದು ಪಿನ್ ±0.02 ಆದರೆ ಸುತ್ತಿಗೆ ಮೇಜಿನಿಂದ ಕದಲುವುದಿಲ್ಲ. ಇಲ್ಲಿ ಅವಳು ಮಾಡಬಹುದಾದದ್ದು ಅದೇ ಲೆಕ್ಕವನ್ನು ಇನ್ನೊಮ್ಮೆ ತೋರಿಸಿ, ಡ್ರಾಯಿಂಗಿನಂತೆ ಅನುವಾದಿಸಿ, ಹಾಗೆ ಮಾಡಿದ್ದೇನೆಂದು ಬರೆದಿಡುವುದು. ಅಳತೆ ತಿದ್ದುವ ಅಧಿಕಾರ ಅವಳಿಗಿಲ್ಲ, ಆ ಅಧಿಕಾರ ತೆಗೆದುಕೊಳ್ಳುವುದು ಸುಮ್ಮನಿರುವುದಕ್ಕಿಂತಲೂ ಕೆಟ್ಟದ್ದು.

ಉತ್ತರ ಬಂದ ಕೂಡಲೇ ಕನ್ನಡದ ಸಾಲನ್ನು ಸರಿಪಡಿಸಿ ಫೈಲು ಮುಚ್ಚಿಬಿಡುವುದು ಇನ್ನೊಂದು ಮಾಮೂಲಿ ಎಡವಟ್ಟು. ಮೂಲ ಇಂಗ್ಲಿಷ್ ಹಾಗೆಯೇ ಉಳಿದಿರುತ್ತದೆ. ಅದೇ ದಾಖಲೆ ಪುಣೆಗೆ ಮರಾಠಿಯಲ್ಲೋ, ಕೊಯಮತ್ತೂರಿಗೆ ತಮಿಳಿನಲ್ಲೋ ಹೋಗುವಾಗ ಅಲ್ಲಿನ ಅನುವಾದಕರು ಅದೇ ಸಾಲಿಗೆ ಬಂದು ನಿಲ್ಲಬೇಕು, ಅಥವಾ ನಿಲ್ಲದೆ ಮುಂದೆ ಹೋಗುತ್ತಾರೆ. ಆಗ ಒಂದೇ ಪಿನ್ನಿಗೆ ಭಾಷೆಗೊಂದು ಅಳತೆ. ಯೂರೋಪಿನ ಒಕ್ಕೂಟದ 2006ರ ಯಂತ್ರ ನಿರ್ದೇಶನವು ಕೈಪಿಡಿಯ ಮೇಲೆ ಅದು ಮೂಲ ಸೂಚನೆಯೋ, ಮೂಲ ಸೂಚನೆಯ ಅನುವಾದವೋ ಎಂದು ಅಚ್ಚು ಹಾಕಲೇಬೇಕೆಂದು ಹೇಳುತ್ತದೆ. ಅನುವಾದವನ್ನು ಕೊಡುವಾಗ ಜೊತೆಗೆ ಮೂಲವೂ ಹೋಗಬೇಕು. ಅಂಥ ಕಡೆ ಅನುವಾದ ಮಾತ್ರ ಸ್ಪಷ್ಟವಾಗಿದ್ದು ಮೂಲ ಮಸುಕಾಗಿದ್ದರೆ, ಸ್ಪಷ್ಟವಾಗಿರುವ ಅನುವಾದವನ್ನೇ ಜನ ಅನುಮಾನಿಸುತ್ತಾರೆ.

ಆದ್ದರಿಂದ ಟಿಪ್ಪಣಿಯ ಕೆಲಸ ಮುಗಿಯುವುದು ಮೂಲ ದಾಖಲೆಯ ಆವೃತ್ತಿ ಸಂಖ್ಯೆ ಬದಲಾದಾಗ. ಎಂಜಿನಿಯರ್ ಬದಲಾವಣೆ ಪತ್ರ ಹೊರಡಿಸಿ, ಕಲಂ 4.2ನ್ನು ತಿದ್ದಿ, ಆವೃತ್ತಿ 3 ಎಂದು ಹಾಕಬೇಕು. ತಿದ್ದುವಾಗ ಅವನು ವಾಕ್ಯವನ್ನೇ ಕೈಬಿಟ್ಟು ‘25 h7’ ಎಂದು ಸಂಕೇತ ಬರೆದರೂ ಆಗುತ್ತದೆ. ಸಣ್ಣ ಅಕ್ಷರದ h ಶಾಫ್ಟಿನದು, ಅದರ ಮಿತಿ 24.979ರಿಂದ 25.000. ಅವನ ಮನಸ್ಸಿನಲ್ಲಿದ್ದ 20 ಮೈಕ್ರಾನಿಗೂ ಇದಕ್ಕೂ ಒಂದೇ ಮೈಕ್ರಾನ್ ವ್ಯತ್ಯಾಸ. ಬುಷ್‌ಗೆ ಸಂಕೇತ ಬರೆದ ಕೈ ಪಿನ್ನಿಗೆ ಯಾಕೆ ವಾಕ್ಯ ಬರೆಯಿತೋ! ಹಳೆಯ ದಾಖಲೆಯಿಂದ ನಕಲು ಮಾಡಿದ ಸಾಲಿರಬೇಕು; ಸ್ಪೆಸಿಫಿಕೇಶನ್ನುಗಳಲ್ಲಿ ಇಂಥ ಸಾಲುಗಳು ಅಜ್ಜನ ಕಾಲದಿಂದ ಇಳಿದು ಬಂದಿರುತ್ತವೆ.

ಮೆಷಿನ್ನಿನ ಮುಂದೆ ತೂಗುಹಾಕುವ ಕನ್ನಡದ ಹಾಳೆಯಲ್ಲಿ ಸಂಕೇತವೊಂದೇ ಇದ್ದರೆ ಸಾಲದು, ಕೋಷ್ಟಕ ಹುಡುಕುವ ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ. ಎಂಜಿನಿಯರ್ ಮೊದಲು ಹೇಳಿದ ಮಿತಿಗಳನ್ನೇ ಉಳಿಸಿಕೊಂಡರೆ ಅನುವಾದಕಿ ಅದನ್ನು ಹೀಗೆ ಬರೆಯುತ್ತಾಳೆ: ‘ಕ್ರೋಮ್ ಲೇಪಿಸಿ ಕೊನೆಯ ಗ್ರೈಂಡಿಂಗ್ ಮುಗಿದ ಮೇಲೆ ಪಿನ್ನಿನ ವ್ಯಾಸ 24.98 ಮಿ.ಮೀ.ಗಿಂತ ಕಡಿಮೆ ಇರಬಾರದು, 25.00 ಮಿ.ಮೀ.ಗಿಂತ ಹೆಚ್ಚಿರಬಾರದು. ಪಿನ್ನಿನ ಮೇಲೆ ಉಳಿಯುವ ಕ್ರೋಮ್‌ನ ದಪ್ಪ 30 ಮೈಕ್ರಾನ್.’ ಮೂಲದ ಒಂದು ಸಾಲು ಇಲ್ಲಿ ಎರಡಾಗಿದೆ, ಟಾಲರೆನ್ಸ್ ಎಂಬ ಪದವೇ ಮಾಯವಾಗಿದೆ. ಮೂವತ್ತು ಮೈಕ್ರಾನಿಗೂ ಒಂದು ಮಾಫಿ ಬೇಕಲ್ಲ, ಅದೆಷ್ಟು ಎಂದು ಮೂಲದಲ್ಲಿ ಇನ್ನೂ ಬರೆದಿಲ್ಲ. ಆ ಪ್ರಶ್ನೆ ಎರಡನೆಯ ಟಿಪ್ಪಣಿಯಲ್ಲಿ ಹೋಗುತ್ತದೆ.